ಎರಡು ನಿಮಿಷಕ್ಕೆ ಹತ್ತು ಸೆಕೆಂಡು ತಡ: ಡಿಲೇ ಲೂಪಿನ ಲೆಕ್ಕ

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ವಿದ್ಯಾರ್ಥಿನಿ. ಎಲ್‌ಇಡಿಯೊಂದು ಒಂದು ಸೆಕೆಂಡು ಹೊತ್ತಿ, ಒಂದು ಸೆಕೆಂಡು ಆರುವಂತೆ 8051 ಅಸೆಂಬ್ಲಿಯಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಡಿಲೇ ಲೂಪಿಗೆ ಬೇಕಾದ 99 ಮತ್ತು 251 ಎಂಬ ಎರಡು ಸಂಖ್ಯೆಗಳನ್ನು ಹಿರಿಯ ವಿದ್ಯಾರ್ಥಿಯೊಬ್ಬರ ಹಳೆಯ ರೆಕಾರ್ಡ್ ಪುಸ್ತಕದಿಂದ ತೆಗೆದುಕೊಂಡೆ. ಎಲ್‌ಇಡಿ ಮಿನುಗುತ್ತದೆ. ಆದರೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿದರೆ 60 ಸಲ ಮಿನುಗಲು 120 ಸೆಕೆಂಡು ಸಾಲುತ್ತಿಲ್ಲ, 130 ಸೆಕೆಂಡು ಹಿಡಿಯುತ್ತಿದೆ. ಆ ಸಂಖ್ಯೆಗಳು ಎಲ್ಲಿಂದ ಬಂದವು? ತಪ್ಪು ಪ್ರೋಗ್ರಾಮಿನಲ್ಲಿದೆಯೇ, ಬೋರ್ಡಿನಲ್ಲಿದೆಯೇ?

ಉತ್ತರ: ಎಲ್‌ಇಡಿ ಮಿನುಗಿತು ಎಂದಷ್ಟಕ್ಕೆ ತೃಪ್ತರಾಗದೆ ನೀವು ಅಳೆದು ನೋಡಿದಿರಿ. ಅದರಿಂದಲೇ ಈ ಪ್ರಶ್ನೆಗೆ ಖಚಿತವಾದ ಉತ್ತರ ಕೊಡಲು ಸಾಧ್ಯವಾಗಿದೆ. 130ನ್ನು 120ರಿಂದ ಭಾಗಿಸಿ: 1.083. ಈ ಸಂಖ್ಯೆಯನ್ನು ಪಕ್ಕಕ್ಕೆ ಬರೆದಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲು ಆ ಎರಡು ಸಂಖ್ಯೆಗಳ ಮೂಲ ನೋಡೋಣ.

ಡಿಲೇ ಲೂಪ್ ಎಂದರೆ ಪ್ರೊಸೆಸರ್ ಬೇರೇನನ್ನೂ ಮಾಡದೆ ಒಂದು ಸಂಖ್ಯೆಯನ್ನು ಸೊನ್ನೆಯವರೆಗೆ ಇಳಿಸುತ್ತಾ ಕಾಲ ಕಳೆಯುವುದು. ಅದು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿಯಲು ಎರಡು ಸಂಗತಿ ಬೇಕು. ಎಲ್ಲ ಇನ್‌ಸ್ಟ್ರಕ್ಷನ್‌ಗಳು ಸೇರಿ ಒಟ್ಟು ಎಷ್ಟು ಸೈಕಲ್ ಆಗುತ್ತವೆ ಎಂಬುದು ಒಂದು, ಒಂದು ಸೈಕಲ್ಲಿಗೆ ಎಷ್ಟು ಸಮಯ ಎಂಬುದು ಇನ್ನೊಂದು. ಮೊದಲನೆಯದು ನೀವು ಬರೆದ ಪ್ರೋಗ್ರಾಮಿನಿಂದ ಬರುತ್ತದೆ, ಎರಡನೆಯದು ಬೋರ್ಡಿನ ಮೇಲೆ ಕೂತಿರುವ ಕ್ರಿಸ್ಟಲ್‌ನಿಂದ. ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡೇ ಲೆಕ್ಕ ಮಾಡಬೇಕು. ಗೊಂದಲಗಳಲ್ಲಿ ಬಹುಪಾಲು ಹುಟ್ಟುವುದು ಇವೆರಡನ್ನು ಬೆರೆಸಿದಾಗ.

ಇಂಟೆಲ್ ಕಂಪನಿ 1980ರಲ್ಲಿ ಹೊರತಂದ 8051ರಲ್ಲಿ, ಕ್ರಿಸ್ಟಲ್‌ನ 12 ಮಿಡಿತಗಳು ಸೇರಿ ಒಂದು ಮಷಿನ್ ಸೈಕಲ್. ಕ್ರಿಸ್ಟಲ್ 12 ಮೆಗಾಹರ್ಟ್ಸ್ ಆಗಿದ್ದರೆ ಸೆಕೆಂಡಿಗೆ 1 ಕೋಟಿ 20 ಲಕ್ಷ ಮಿಡಿತ. ಅದನ್ನು 12ರಿಂದ ಭಾಗಿಸಿದರೆ ಸೆಕೆಂಡಿಗೆ ಸರಿಯಾಗಿ 10 ಲಕ್ಷ ಮಷಿನ್ ಸೈಕಲ್, ಅಂದರೆ ಒಂದೊಂದಕ್ಕೆ ಒಂದು ಮೈಕ್ರೊಸೆಕೆಂಡು. ಪಠ್ಯಪುಸ್ತಕಗಳು 12 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನೇ ಹಿಡಿದು ಲೆಕ್ಕ ಹೇಳಿಕೊಡುವುದು ಈ ಅನುಕೂಲಕ್ಕಾಗಿ: ಸೈಕಲ್ ಎಣಿಸಿದರೆ ಮೈಕ್ರೊಸೆಕೆಂಡೇ ಕೈಗೆ ಸಿಗುತ್ತದೆ.

ಈಗ ನಿಮ್ಮ ಡಿಲೇ ಸಬ್‌ರೂಟೀನ್ ನೋಡಿ. ಪ್ರತಿ ಸಾಲಿನ ಕೊನೆಯಲ್ಲಿ ಆ ಇನ್‌ಸ್ಟ್ರಕ್ಷನ್‌ಗೆ ಬೇಕಾಗುವ ಮಷಿನ್ ಸೈಕಲ್ ಬರೆದಿದ್ದೇನೆ.

```
DELAY: MOV  R7,#99     ; 1
L1:    MOV  R6,#251    ; 1
L2:    DJNZ R6,L2      ; 2
       DJNZ R7,L1      ; 2
       RET             ; 2
```

`DJNZ` ರಿಜಿಸ್ಟರಿನಲ್ಲಿರುವ ಸಂಖ್ಯೆಯಿಂದ ಒಂದನ್ನು ಕಳೆಯುತ್ತದೆ, ಉಳಿದದ್ದು ಸೊನ್ನೆಯಲ್ಲದಿದ್ದರೆ ಹೇಳಿದ ಲೇಬಲ್ಲಿಗೆ ಹಾರುತ್ತದೆ. `L2` ಸಾಲು ತನ್ನ ಮೇಲೆಯೇ ಹಾರುತ್ತಾ 251 ಸಲ ನಡೆಯುತ್ತದೆ. ಸಲಕ್ಕೆ 2 ಸೈಕಲ್, ಒಟ್ಟು 502. ಇಲ್ಲಿ 8051 ನಮಗೊಂದು ಉಪಕಾರ ಮಾಡಿದೆ. ಹಾರಿದರೂ ಹಾರದಿದ್ದರೂ `DJNZ`ಗೆ 2 ಸೈಕಲ್ಲೇ, ಕೊನೆಯ ಸುತ್ತಿಗೆ ಬೇರೆ ಲೆಕ್ಕ ಇಲ್ಲ. 8085ರಲ್ಲಿ ಹಾಗಲ್ಲ. ಅಲ್ಲಿ `JNZ` ಹಾರಿದರೆ 10 ಟಿ-ಸ್ಟೇಟ್, ಹಾರದಿದ್ದರೆ 7, ಆದ್ದರಿಂದ ಪ್ರತಿ ಲೂಪಿನ ಕೊನೆಗೆ 3 ಕಳೆಯಬೇಕು. ಆ ಪಾಠದ ಸೂತ್ರವನ್ನು ತಂದು 8051ಕ್ಕೆ ಹಚ್ಚಿದರೆ ಲೆಕ್ಕ ಕೆಡುತ್ತದೆ.

ಹೊರಗಿನ ಲೂಪಿನ ಒಂದು ಸುತ್ತಿಗೆ ಬನ್ನಿ. `R6` ತುಂಬಲು 1, ಒಳಲೂಪಿಗೆ 502, `R7` ಇಳಿಸಲು 2, ಒಟ್ಟು 505. ಇಂಥ 99 ಸುತ್ತುಗಳಿಗೆ 49,995. ಇದಕ್ಕೆ ಒಮ್ಮೆ ಮಾತ್ರ ನಡೆಯುವ ಸಾಲುಗಳನ್ನು ಸೇರಿಸಬೇಕು: `R7` ತುಂಬುವುದಕ್ಕೆ 1, `RET`ಗೆ 2, ಈ ಸಬ್‌ರೂಟೀನನ್ನು ಕರೆಯುವ `ACALL`ಗೆ 2. ಸೇರಿ 5. ಈಗ ಕೂಡಿ ನೋಡಿ, ಸರಿಯಾಗಿ 50,000. ಒಂದು ಸೈಕಲ್ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. 12 ಮೆಗಾಹರ್ಟ್ಸ್ ಕ್ರಿಸ್ಟಲ್ಲಿಗೆ ಇದು 50 ಮಿಲಿಸೆಕೆಂಡು.

ಹೊರಲೂಪಿನ ಸಂಖ್ಯೆಯನ್ನು `a`, ಒಳಲೂಪಿನದನ್ನು `b` ಎಂದು ಕರೆದರೆ ಸೂತ್ರ ಇಷ್ಟೇ:

```
N = a × (2b + 3) + 5
```

99 ಮತ್ತು 251 ಊಹೆಯಿಂದ ಬಂದವಲ್ಲ ಎಂಬುದು ಈಗ ಕಾಣುತ್ತದೆ. ಆ ರೆಕಾರ್ಡ್ ಬರೆದವರು 50,000ದಿಂದ 5 ಕಳೆದು 49,995ನ್ನು ಅಪವರ್ತಿಸಿರಬೇಕು: 3 × 3 × 5 × 11 × 101. ಈ ಅಪವರ್ತನಗಳನ್ನು ಎರಡು ಗುಂಪು ಮಾಡಬೇಕು. ಒಂದು ಗುಂಪಿನ ಗುಣಲಬ್ಧ `a`, ಇನ್ನೊಂದರದು `2b + 3`. ಎರಡೂ ರಿಜಿಸ್ಟರ್‌ಗಳು 8 ಬಿಟ್‌ನವು, ಆದ್ದರಿಂದ `a` ಮತ್ತು `b` 255 ದಾಟದಂತೆ ನೋಡಿಕೊಳ್ಳಬೇಕು. 9 × 11 = 99 ಒಂದು ಕಡೆ, 5 × 101 = 505 ಇನ್ನೊಂದು ಕಡೆ. 505ರಿಂದ 3 ಕಳೆದು ಅರ್ಧ ಮಾಡಿದರೆ 251. ಅಚ್ಚುಕಟ್ಟಾದ ಕೆಲಸ.

ಎಲ್ಲ ಸಂಖ್ಯೆಗಳೂ ಇಷ್ಟು ಚೆನ್ನಾಗಿ ಒಡೆಯುವುದಿಲ್ಲ. ಒಡೆಯದಿದ್ದಾಗ ಗುರಿಗಿಂತ ಸ್ವಲ್ಪ ಕಡಿಮೆ ಬರುವ ಜೋಡಿ ಆರಿಸಿ, ಉಳಿದ ಸೈಕಲ್‌ಗಳನ್ನು `RET`ಗೆ ಮುಂಚೆ ತುಂಬಿದರಾಯಿತು. ಉದಾಹರಣೆಗೆ `b`ಗೆ 250 ಇಟ್ಟರೆ ಒಂದು ಸುತ್ತು 503. ಅಂಥ 99 ಸುತ್ತಿಗೆ 49,797, ಗುರಿಗೆ ಇನ್ನೂ 198 ಸೈಕಲ್ ಬೇಕು. ಒಂದು `MOV`, 98 ಸಲ ಸುತ್ತುವ ಒಂದು `DJNZ`, ಒಂದು `NOP` ಸೇರಿಸಿ: 1 + 196 + 1. `NOP` ಇರುವುದೇ ಹೀಗೆ ಒಂದು ಸೈಕಲ್ ಸುಮ್ಮನೆ ಕಳೆಯಲು.

ಹಾಗಾದರೆ ಲೂಪ್ ಸರಿಯಾಗಿದೆ. ನಿಮ್ಮ ಹತ್ತು ಸೆಕೆಂಡು ಎಲ್ಲಿ ಹೋಯಿತು?

ಬೋರ್ಡಿನ ಮೇಲೆ ಚಿಪ್ಪಿನ 18 ಮತ್ತು 19ನೇ ಪಿನ್ನುಗಳ ಹತ್ತಿರ ಬೆಳ್ಳಿಬಣ್ಣದ ಸಣ್ಣ ಲೋಹದ ಡಬ್ಬಿ ಇರುತ್ತದೆ, ಅದೇ ಕ್ರಿಸ್ಟಲ್. ಅದರ ತಲೆಯ ಮೇಲೆ ಕೊರೆದದ್ದನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಿ. 12.000 ಎಂದಿರಲಾರದು, 11.0592 ಎಂದಿರುತ್ತದೆ ಎಂದು ನನ್ನ ಎಣಿಕೆ. 12ನ್ನು 11.0592ರಿಂದ ಭಾಗಿಸಿದರೆ 1.085. ಪಕ್ಕಕ್ಕೆ ಬರೆದಿಟ್ಟುಕೊಂಡ 1.083 ಜೊತೆ ಹೋಲಿಸಿ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವಾಗ ಆಗುವ ಅಲ್ಪ ವ್ಯತ್ಯಾಸವನ್ನು ಬಿಟ್ಟರೆ ಎರಡೂ ಒಂದೇ. ನಿಮ್ಮ ಪ್ರೋಗ್ರಾಂ 12 ಮೆಗಾಹರ್ಟ್ಸ್‌ಗಾಗಿ ಲೆಕ್ಕ ಹಾಕಿದ್ದು, ಬೋರ್ಡು 11.0592 ಮೆಗಾಹರ್ಟ್ಸ್‌ನದು. ಸೈಕಲ್‌ಗಳ ಎಣಿಕೆ ತಪ್ಪಿಲ್ಲ, ಪ್ರತಿ ಸೈಕಲ್ಲೂ ಎಂಟೂವರೆ ಶೇಕಡಾ ಉದ್ದವಾಗಿದೆ.

ಇಂಥ ವಿಚಿತ್ರ ಸಂಖ್ಯೆಯ ಕ್ರಿಸ್ಟಲ್ಲನ್ನು ಏಕೆ ಹಾಕುತ್ತಾರೆ? ಸೀರಿಯಲ್ ಪೋರ್ಟಿಗಾಗಿ. 11.0592 ಮೆಗಾಹರ್ಟ್ಸನ್ನು 12ರಿಂದ ಭಾಗಿಸಿದರೆ ಸೆಕೆಂಡಿಗೆ 9,21,600 ಮಷಿನ್ ಸೈಕಲ್. ಅದನ್ನು 32ರಿಂದ ಭಾಗಿಸಿದರೆ 28,800, ಮತ್ತೆ 3ರಿಂದ ಭಾಗಿಸಿದರೆ 9,600. ಕಂಪ್ಯೂಟರಿನೊಂದಿಗೆ ಮಾತಾಡಲು ಬೇಕಾದ 9600 ಬಾಡ್ ಒಂದಿಷ್ಟೂ ಶೇಷವಿಲ್ಲದೆ ಸಿಗುತ್ತದೆ. 12 ಮೆಗಾಹರ್ಟ್ಸ್‌ನಿಂದ ಅದು ಸಿಗುವುದಿಲ್ಲ. ಲ್ಯಾಬ್ ಬೋರ್ಡಿಗೆ ಪ್ರೋಗ್ರಾಂ ಇಳಿಸುವುದೂ ಎಷ್ಟೋ ಸಲ ಸೀರಿಯಲ್ ಪೋರ್ಟಿನ ಮೂಲಕವೇ ಆದ್ದರಿಂದ ಈ ಕ್ರಿಸ್ಟಲ್ ಅಲ್ಲಿ ಮಾಮೂಲು.

ಇನ್ನು ನಿಮ್ಮ ಬೋರ್ಡಿಗೆ ತಕ್ಕ ಸಂಖ್ಯೆಗಳು. 50 ಮಿಲಿಸೆಕೆಂಡಿಗೆ ಬೇಕಾದ ಸೈಕಲ್ 9,21,600 × 0.05 = 46,080. ಅದರಿಂದ 5 ಕಳೆದರೆ 46,075. ಇದು 5 × 5 × 19 × 97 ಎಂದು ಒಡೆಯುತ್ತದೆ. 5 × 19 = 95 ಹೊರಗಿನ ಸಂಖ್ಯೆ, 5 × 97 = 485 ಒಂದು ಸುತ್ತು. 485ರಿಂದ 3 ಕಳೆದು ಅರ್ಧ ಮಾಡಿದರೆ 241. ಈ ಕ್ರಿಸ್ಟಲ್ಲಿಗೂ ಶೇಷವಿಲ್ಲದ ಜೋಡಿ ಸಿಕ್ಕಿತು. `R7`ಗೆ 95, `R6`ಗೆ 241 ತುಂಬಿ. ಬೇರೆ ಯಾವ ಸಾಲನ್ನೂ ಮುಟ್ಟಬೇಕಿಲ್ಲ.

ಒಂದು ಸೆಕೆಂಡಿಗಾಗಿ ಈ 50 ಮಿಲಿಸೆಕೆಂಡನ್ನು 20 ಸಲ ಕರೆಯುತ್ತೀರಿ. ಮುಖ್ಯ ಭಾಗ ಹೀಗಿರುತ್ತದೆ:

```
MAIN:  CPL   P1.0      ; 1
       MOV   R5,#20    ; 1
AGAIN: ACALL DELAY     ; 2
       DJNZ  R5,AGAIN  ; 2
       SJMP  MAIN      ; 2
```

`ACALL`ನ 2 ಸೈಕಲ್ಲನ್ನು ಆಗಲೇ 46,080ರೊಳಗೆ ಎಣಿಸಿದ್ದೇವೆ, ಮತ್ತೆ ಎಣಿಸಬಾರದು. ಆದರೆ `R5` ಇಳಿಸುವ `DJNZ` ಪ್ರತಿ ಸಲ 2 ಸೈಕಲ್ ತಿನ್ನುತ್ತದೆ, 20 ಸಲಕ್ಕೆ 40. ಅದರ ಜೊತೆಗೆ `CPL`, `MOV`, `SJMP` ಸೇರಿ 4. ಹೀಗೆ ಒಂದು ಸೆಕೆಂಡಿಗೆ 44 ಸೈಕಲ್ ಹೆಚ್ಚಾಗುತ್ತದೆ, ಸುಮಾರು 48 ಮೈಕ್ರೊಸೆಕೆಂಡು. ಇದನ್ನು ಸರಿಪಡಿಸಬೇಕೇ? ದಿನವಿಡೀ ಓಡಿಸಿದರೆ ಅದು ನಾಲ್ಕು ಸೆಕೆಂಡಿನಷ್ಟು ಹಿಂದೆ ಬೀಳುತ್ತದೆ. ಸಾಮಾನ್ಯ ಕ್ರಿಸ್ಟಲ್ಲೊಂದು ಹತ್ತು ಲಕ್ಷಕ್ಕೆ 30 ಪಾಲು ಆಚೀಚೆ ಇದ್ದರೆ ಅದೇ ದಿನಕ್ಕೆ ಎರಡೂವರೆ ಸೆಕೆಂಡಿಗಿಂತ ಹೆಚ್ಚು ತಪ್ಪುತ್ತದೆ. ಮಿನುಗುವ ಎಲ್‌ಇಡಿಗೆ ಇದರ ಚಿಂತೆ ಬೇಡ. ಇದೇ ಲೂಪಿನಿಂದ ಗಡಿಯಾರ ಮಾಡಲು ಹೊರಟರೆ ಮಾತ್ರ ಎರಡೂ ತಪ್ಪುಗಳು ಎದುರಾಗುತ್ತವೆ, ಮತ್ತು ಪ್ರೋಗ್ರಾಮಿನಲ್ಲಿ ಸರಿಪಡಿಸಲು ಸುಲಭವಾದದ್ದು ಮೊದಲನೆಯದು ಮಾತ್ರ. ಇಲ್ಲಿ ಇನ್ನೊಂದು ವಿಷಯ: ಕರೆಯುವ ಕಡೆ `R5` ಬಳಸಿದ್ದು ಬೇಕೆಂದೇ. `R6` ಅಥವಾ `R7` ಬಳಸಿದ್ದರೆ ಡಿಲೇ ಮುಗಿದಾಗ ಅದರಲ್ಲಿ ಸೊನ್ನೆ ಉಳಿದಿರುತ್ತಿತ್ತು, ಎಣಿಕೆ ಎಂದೂ ಮುಗಿಯುತ್ತಿರಲಿಲ್ಲ.

ನೀವು ಮುಂದೆ ಬರೆಯುವ ಲೂಪ್‌ಗಳಲ್ಲಿ ತಪ್ಪು ಹುಡುಕುವ ದಾರಿಯನ್ನೂ ಹೇಳಬೇಕು. ಕೆಲವು ತಪ್ಪು ತಾನಾಗಿ ಕಾಣುತ್ತದೆ. ಒಳಗಿನ `DJNZ` ತನ್ನ ಮೇಲೆ ಹಾರುವ ಬದಲು `MOV R6` ಸಾಲಿಗೆ ಹಾರಿದರೆ, ಇಳಿಸಿದ ಸಂಖ್ಯೆ ಪ್ರತಿ ಸಲವೂ ಮತ್ತೆ ತುಂಬಿಕೊಳ್ಳುತ್ತದೆ, ಲೂಪಿನಿಂದ ಹೊರಬರುವುದೇ ಇಲ್ಲ. ಎಲ್‌ಇಡಿ ಒಂದೇ ಸ್ಥಿತಿಯಲ್ಲಿ ನಿಂತುಬಿಡುತ್ತದೆ, ಕಣ್ಣಿಗೆ ಬೀಳುತ್ತದೆ.

ಕಣ್ಣಿಗೆ ಬೀಳದ ತಪ್ಪು ಹೊರಗಿನ `DJNZ`ನಲ್ಲಿ ಆಗುತ್ತದೆ. ಅದು `L1`ಗೆ ಹಾರಬೇಕು. ಕೈತಪ್ಪಿ `L2` ಎಂದು ಟೈಪಾದರೆ ಪ್ರೋಗ್ರಾಂ ನಿಲ್ಲುವುದಿಲ್ಲ, ಅಸೆಂಬ್ಲರ್ ದೂರುವುದಿಲ್ಲ, ಎಲ್‌ಇಡಿ ಚೆನ್ನಾಗಿಯೇ ಮಿನುಗುತ್ತದೆ. ಆದರೆ `R6` ಮೊದಲ ಸುತ್ತಿಗೆ ಮಾತ್ರ 251ರಿಂದ ಹೊರಡುತ್ತದೆ. ಎರಡನೆಯ ಸುತ್ತಿನಿಂದ ಅದನ್ನು ಯಾರೂ ತುಂಬುವುದಿಲ್ಲ, ಅದರಲ್ಲಿ ಸೊನ್ನೆ ಇರುತ್ತದೆ. `DJNZ` ಮೊದಲು ಕಳೆದು ಆಮೇಲೆ ಪರೀಕ್ಷಿಸುವುದರಿಂದ ಸೊನ್ನೆಯಿಂದ ಒಂದು ಕಳೆದಾಗ 255 ಆಗುತ್ತದೆ, ಅಲ್ಲಿಂದ ಇಳಿದು ಬರುವಷ್ಟರಲ್ಲಿ 256 ಸಲ ಆಗಿರುತ್ತದೆ. ಲೆಕ್ಕ ಹಾಕಿ: ಮೊದಲ ಸುತ್ತು 504 ಸೈಕಲ್, ಉಳಿದ 98 ಸುತ್ತು ತಲಾ 514, ಒಮ್ಮೆ ಮಾತ್ರ ನಡೆಯುವವು 6. ಒಟ್ಟು 50,882. ಬೇಕಾದದ್ದಕ್ಕಿಂತ ಎರಡು ಶೇಕಡಾಕ್ಕೂ ಕಡಿಮೆ ಹೆಚ್ಚಳ. ಬರಿಗಣ್ಣಿಗೆ ಇದು ತಿಳಿಯುವುದೇ ಇಲ್ಲ, ಎರಡು ನಿಮಿಷದ ಸ್ಟಾಪ್‌ವಾಚ್ ಪರೀಕ್ಷೆಯಲ್ಲಿ ಎರಡು ಸೆಕೆಂಡಾಗಿ ಹೊರಬೀಳುತ್ತದೆ. ಒಂದು ಮಿನುಗನ್ನಲ್ಲ, ಹತ್ತಾರು ಮಿನುಗುಗಳನ್ನು ಅಳೆಯಬೇಕು ಎನ್ನುವುದು ಇದಕ್ಕೇ.

ಸೊನ್ನೆ ತುಂಬಿದರೆ 256 ಸಲ ಎಂಬುದು ತಪ್ಪಷ್ಟೇ ಅಲ್ಲ, ಉಪಾಯವೂ ಹೌದು. ಅತಿ ಉದ್ದದ ಲೂಪ್ ಬೇಕಿದ್ದರೆ 255ರ ಬದಲು 0 ತುಂಬುತ್ತಾರೆ. ಇನ್ನೊಂದು ಸಾಮಾನ್ಯ ಎಡವಟ್ಟು ಸಂಖ್ಯೆಯ ಹಿಂದೆ `H` ಅಂಟಿಸುವುದು. `#99H` ಎಂದರೆ ಹೆಕ್ಸ್, ಅದರ ಬೆಲೆ 153. ಹಾಗೆ ಬರೆದರೆ 50 ಮಿಲಿಸೆಕೆಂಡಿನ ಡಿಲೇ 77 ಮಿಲಿಸೆಕೆಂಡಾಗುತ್ತದೆ.

ಸೈಕಲ್ ಎಣಿಕೆಯನ್ನು ಬೋರ್ಡಿಲ್ಲದೆಯೇ ಪರೀಕ್ಷಿಸಬಹುದು. ಕೈಲ್ ಮೈಕ್ರೊವಿಷನ್ ಸಿಮ್ಯುಲೇಟರಿನಲ್ಲಿ ರಿಜಿಸ್ಟರ್ ಕಿಟಕಿಯ `sec` ಎಂಬ ಸಾಲು ಕಳೆದ ಸಮಯವನ್ನು ತೋರಿಸುತ್ತದೆ. `ACALL` ಸಾಲಿನಲ್ಲಿ ನಿಲ್ಲಿಸಿ ಒಮ್ಮೆ ಓದಿ, ಅದನ್ನು ದಾಟಿದ ಮೇಲೆ ಮತ್ತೊಮ್ಮೆ ಓದಿ, ಕಳೆಯಿರಿ. ಅದಕ್ಕೆ ಮುಂಚೆ ಟಾರ್ಗೆಟ್ ಆಯ್ಕೆಗಳಲ್ಲಿ `Xtal (MHz)` ಜಾಗದಲ್ಲಿ ನಿಮ್ಮ ಕ್ರಿಸ್ಟಲ್ಲಿನ ಬೆಲೆ ಇದೆಯೇ ನೋಡಿಕೊಳ್ಳಿ. ಅಲ್ಲಿ ಬೇರೆ ಸಂಖ್ಯೆ ಇದ್ದರೆ ಸಿಮ್ಯುಲೇಟರ್ ಅದನ್ನೇ ನಂಬಿ ಸಮಯ ಹೇಳುತ್ತದೆ.

ಬೋರ್ಡಿನಲ್ಲಿ ಕ್ಲಾಕ್ ಸರಿಯಿದೆಯೇ ಎಂದು ನೋಡಲು ಆಸಿಲೋಸ್ಕೋಪಿನ ಪ್ರೋಬನ್ನು ಕ್ರಿಸ್ಟಲ್ ಪಿನ್ನಿಗೇ ಚುಚ್ಚಬೇಡಿ. ಪ್ರೋಬಿನ ಕೆಪಾಸಿಟೆನ್ಸ್ ಆಂದೋಲನವನ್ನು ಸ್ವಲ್ಪ ಸರಿಸಬಹುದು, ಒಮ್ಮೊಮ್ಮೆ ನಿಲ್ಲಿಸಿಬಿಡಬಹುದು. 40 ಪಿನ್ನಿನ ಚಿಪ್ಪಿನಲ್ಲಿ 30ನೇ ಪಿನ್ `ALE`. ಹಳೆಯ ಬಗೆಯ 8051ರಲ್ಲಿ, ಹೊರಗಿನ ಡೇಟಾ ಮೆಮೊರಿಯನ್ನು ಬಳಸದಿರುವಾಗ, ಈ ಪಿನ್ ಕ್ರಿಸ್ಟಲ್ಲಿನ ಆರನೇ ಒಂದು ಭಾಗದ ವೇಗದಲ್ಲಿ ಮಿಡಿಯುತ್ತಲೇ ಇರುತ್ತದೆ. 12 ಮೆಗಾಹರ್ಟ್ಸ್‌ಗೆ ಅಲ್ಲಿ 2 ಮೆಗಾಹರ್ಟ್ಸ್, ನಿಮ್ಮ ಕ್ರಿಸ್ಟಲ್ಲಿಗೆ 1.8432 ಮೆಗಾಹರ್ಟ್ಸ್ ಕಾಣಬೇಕು. ಕ್ರಿಸ್ಟಲ್ಲಿನ ಮೇಲಿನ ಬರಹ ಅಳಿಸಿಹೋಗಿದ್ದರೂ ಇದರಿಂದ ಗುರುತು ಹಿಡಿಯಬಹುದು.

ಈ ಲೆಕ್ಕ ಎಲ್ಲಿಯವರೆಗೆ ನಡೆಯುತ್ತದೆ ಎಂಬುದೂ ಗೊತ್ತಿರಲಿ. 12 ಮಿಡಿತಕ್ಕೆ ಒಂದು ಸೈಕಲ್ ಎಂಬುದು ಮೂಲ 8051ರ ನಿಯಮ. ಅದೇ ಇನ್‌ಸ್ಟ್ರಕ್ಷನ್‌ಗಳನ್ನು ಓಡಿಸುವ ಹೊಸ ಚಿಪ್‌ಗಳಿಗೆ ಅದು ಅನ್ವಯಿಸಬೇಕೆಂದಿಲ್ಲ. ಪಿ89ವಿ51ಆರ್‌ಡಿ2 ಚಿಪ್ಪನ್ನು 6 ಮಿಡಿತದ ಸೈಕಲ್ಲಿಗೆ ಬದಲಿಸಲು ಬರುತ್ತದೆ, ಹಾಗೆ ಬದಲಿಸಿದ್ದರೆ ನಿಮ್ಮ ಒಂದು ಸೆಕೆಂಡು ಅರ್ಧ ಸೆಕೆಂಡಾಗುತ್ತದೆ. ಇನ್ನು ಕೆಲವು ಚಿಪ್‌ಗಳಲ್ಲಿ ಸೈಕಲ್ಲಿಗೆ ಒಂದೇ ಮಿಡಿತ. ಅಲ್ಲಿ ಸಮಯವನ್ನು ಸುಮ್ಮನೆ 12ರಿಂದ ಭಾಗಿಸಿದರೂ ಉತ್ತರ ಸಿಗುವುದಿಲ್ಲ, ಏಕೆಂದರೆ `DJNZ`ಗೆ ಎಷ್ಟು, `MOV`ಗೆ ಎಷ್ಟು ಎಂಬ ಪಟ್ಟಿಯೇ ಬೇರೆಯಾಗಿರುತ್ತದೆ. ಆ ಚಿಪ್ಪಿನ ಡೇಟಾಶೀಟ್ ತೆರೆದು ಪ್ರತಿ ಸಾಲಿನ ಎಣಿಕೆಯನ್ನು ಹೊಸದಾಗಿ ಬರೆದುಕೊಳ್ಳಬೇಕು.

ಇಂಟರಪ್ಟ್ ಇದ್ದರೂ ಈ ಎಣಿಕೆ ಸಾಲದು. ಲೂಪ್ ನಡೆಯುತ್ತಿರುವಾಗ ಇಂಟರಪ್ಟ್ ಬಂದರೆ ಪ್ರೊಸೆಸರ್ ಆ ಕೆಲಸ ಮುಗಿಸಿ ಬಂದು ಬಿಟ್ಟಲ್ಲಿಂದ ಎಣಿಕೆ ಮುಂದುವರಿಸುತ್ತದೆ. ಮಧ್ಯೆ ಹೋದ ಸಮಯ ಲೂಪಿನ ಲೆಕ್ಕಕ್ಕೆ ಬರುವುದೇ ಇಲ್ಲ. ಪ್ರತಿ ಸಾವಿರ ಸೈಕಲ್ಲಿಗೊಮ್ಮೆ ಬರುವ ಇಂಟರಪ್ಟ್ 40 ಸೈಕಲ್ ತೆಗೆದುಕೊಂಡರೆ ನಿಮ್ಮ ಡಿಲೇ ನಾಲ್ಕು ಶೇಕಡಾಕ್ಕಿಂತ ಹೆಚ್ಚು ಉದ್ದವಾಗುತ್ತದೆ. ಅಂಥ ಪ್ರೋಗ್ರಾಮಿನಲ್ಲಿ ಚಿಪ್ಪಿನೊಳಗಿನ ಟೈಮರನ್ನೇ ಬಳಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಟೈಮರ್ ತನ್ನ ಪಾಡಿಗೆ ಸೈಕಲ್ ಎಣಿಸುತ್ತದೆ, ಪ್ರೊಸೆಸರ್ ಏನು ಮಾಡುತ್ತಿದೆ ಎಂದು ಕೇಳುವುದಿಲ್ಲ. 16 ಬಿಟ್‌ನ ಮೋಡ್‌ನಲ್ಲಿ ಅದು ಒಂದು ಸಲಕ್ಕೆ 65,536 ಸೈಕಲ್‌ವರೆಗೆ ಎಣಿಸಬಲ್ಲದು, ನಿಮ್ಮ ಕ್ರಿಸ್ಟಲ್ಲಿಗೆ ಸುಮಾರು 71 ಮಿಲಿಸೆಕೆಂಡು. ಇಂಟರಪ್ಟ್ ಇಲ್ಲದ ಚಿಕ್ಕ ಪ್ರೋಗ್ರಾಮಿಗೆ, ಎಲ್‌ಸಿಡಿಗೆ ಕೆಲವು ಮಿಲಿಸೆಕೆಂಡು ಕಾಯುವುದಕ್ಕೆ, ಸ್ವಿಚ್ಚಿನ ಅದುರಾಟ ಕಳೆಯುವುದಕ್ಕೆ ಡಿಲೇ ಲೂಪ್ ಧಾರಾಳ ಸಾಕು.

ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ನಿಮ್ಮ ರೆಕಾರ್ಡ್ ಪುಸ್ತಕವೂ ಒಂದು ದಿನ ಇನ್ನೊಬ್ಬರ ಕೈಗೆ ಹೋಗುತ್ತದೆ. ಡಿಲೇ ಬರೆದಾಗಲೆಲ್ಲ ಅದರ ಮೇಲಿನ ಸಾಲಿನಲ್ಲಿ ಚಿಪ್ಪಿನ ಹೆಸರು, ಕ್ರಿಸ್ಟಲ್ಲಿನ ಮೆಗಾಹರ್ಟ್ಸ್ ಮತ್ತು ಒಟ್ಟು ಸೈಕಲ್ ಸಂಖ್ಯೆಯನ್ನು ಕಾಮೆಂಟಾಗಿ ಬರೆಯಿರಿ, ಪ್ರತಿ ಇನ್‌ಸ್ಟ್ರಕ್ಷನ್ ಎದುರು ಅದರ ಸೈಕಲ್ ಬರೆಯಿರಿ. ಬರೀ ‘50 ಮಿಲಿಸೆಕೆಂಡು’ ಎಂದು ಬರೆದು ಬಿಡಬೇಡಿ.